ಅರವತ್ತೊಂದನೇ ತಿದ್ದುಪಡಿ

ಹಲಸೂರು ಕೆರೆಯ ಕಡೆಗೆ ಕಿಟಕಿಗಳಿದ್ದ ನಾಲ್ಕು ಮಹಡಿಯ ಒಂದು ಕಚೇರಿಯಲ್ಲಿ ನಾನು ಕೆಲವು ವರ್ಷ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಒಂದು ಶನಿವಾರ ಮೂರನೇ ಮಹಡಿಗೆ ಏಳೆಂಟು ಹೊಸ ಮೇಜುಗಳು ಬಂದವು. ಅಲ್ಲಿನ ಸ್ವಿಚ್ಚಿನಲ್ಲಿ ಅಷ್ಟು ಪೋರ್ಟ್ ಖಾಲಿ ಇರಲಿಲ್ಲ. ಮೇಲಿನ ಮಹಡಿಯ ಒಂದು ಚಿಕ್ಕ ಕೋಣೆಯಲ್ಲಿ ಹುಡುಗರು ಪರೀಕ್ಷೆಗೆ ಅಭ್ಯಾಸ ಮಾಡಲೆಂದು ಇಟ್ಟುಕೊಂಡಿದ್ದ ಹಳೆಯ ಸಿಸ್ಕೊ ಕೆಟಲಿಸ್ಟ್ 2950 ಒಂದಿತ್ತು. ಅದನ್ನೇ ಇಳಿಸಿ ತಂದೆವು.

“ಒಳಗಿರೋದೆಲ್ಲ ತೆಗೆದಿದ್ದೀಯಾ?” ಎಂದು ಕೇಳಿದೆ.

“ರೈಟ್ ಇರೇಸ್ ಹೊಡೆದು ರೀಲೋಡ್ ಮಾಡಿದ್ದೀನಿ ಸರ್. ಪೂರ್ತಿ ಖಾಲಿ,” ಎಂದ ಹುಡುಗ.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಕಮ್ಯಾಂಡ್ ಕೊಟ್ಟಿದ್ದನ್ನು ನಾನೂ ನೋಡಿದ್ದೆ. ರ‍್ಯಾಕಿನಲ್ಲಿ ಕೂರಿಸಿ, ಪಕ್ಕದ ಸ್ವಿಚ್ಚಿನ ಖಾಲಿ ಪೋರ್ಟಿಗೆ ಕೇಬಲ್ ಸೇರಿಸಿದೆ. ಎರಡೂ ತುದಿಯ ದೀಪ ಹತ್ತಿದವು. ಸ್ವಲ್ಪ ಹೊತ್ತಿಗೆ ಕೆಳಗಿನ ಮಹಡಿಯಿಂದ ಒಬ್ಬರು ಮೆಟ್ಟಿಲು ಹತ್ತಿ ಬಂದು ಫೋನ್ ಸತ್ತಿದೆ ಎಂದರು. ಅವರ ಹಿಂದೆಯೇ ಲೆಕ್ಕಪತ್ರ ವಿಭಾಗದವರು ಬಂದರು. ಕ್ಯಾಮೆರಾ ತೆರೆಯ ಚೌಕಗಳೆಲ್ಲ ಕಪ್ಪಾಗಿದ್ದವು. ನಾಲ್ಕೂ ಮಹಡಿ ನಿಂತುಹೋಗಿತ್ತು. ಹೊಸ ಸ್ವಿಚ್ಚಿನ ಕೇಬಲ್ ಕಿತ್ತೆ. ಏನೂ ಬದಲಾಗಲಿಲ್ಲ. ಅದರ ವಿದ್ಯುತ್ತನ್ನೇ ತೆಗೆದೆ. ಆಗಲೂ ಅಷ್ಟೇ.

ತಂದ ವಸ್ತುವನ್ನು ಹೊರಗೆ ಹಾಕಿದರೂ ತೊಂದರೆ ಹೋಗಲಿಲ್ಲ ಎಂಬುದೇ ಈ ರೋಗದ ಮೊದಲ ಗುರುತು. ಕೇಬಲ್ ಸುತ್ತು ಹಾಕಿಕೊಂಡು ಲೂಪ್ ಆಗಿದ್ದರೆ ಕಿತ್ತ ಕೂಡಲೇ ನೆಟ್‌ವರ್ಕ್ ಚೇತರಿಸಿಕೊಳ್ಳಬೇಕಿತ್ತು. ಇಲ್ಲಿ ಹೊಸ ಸ್ವಿಚ್ ಮಾಡಬೇಕಾದ್ದನ್ನು ಮಾಡಿ ಮುಗಿಸಿತ್ತು. ಅದು ಏನು ಮಾಡಿತು ಎಂಬುದನ್ನು ತಿಳಿಯಲು ವಿಲ್ಯಾನ್‌ನಿಂದ ಶುರುಮಾಡಬೇಕು.

ಒಂದು ಸ್ವಿಚ್ಚಿಗೆ ಇಪ್ಪತ್ನಾಲ್ಕು ಪೋರ್ಟ್ ಇದೆ ಎಂದುಕೊಳ್ಳಿ. ಹಾಗೇ ಬಿಟ್ಟರೆ ಇಪ್ಪತ್ನಾಲ್ಕು ಯಂತ್ರಗಳೂ ಒಂದೇ ಕೋಣೆಯಲ್ಲಿ ಕೂತಂತೆ: ಒಬ್ಬರು ಎಲ್ಲರಿಗೂ ಕೂಗಿದ್ದು ಎಲ್ಲರಿಗೂ ಕೇಳಿಸುತ್ತದೆ. ವಿಲ್ಯಾನ್ ಎಂದರೆ ಆ ಕೋಣೆಗೆ ಎಬ್ಬಿಸಿದ ಗೋಡೆ. ಪ್ರತಿ ಪೋರ್ಟಿಗೂ ಒಂದು ಸಂಖ್ಯೆ ಕೊಡುತ್ತೇವೆ. ಒಂದೇ ಸಂಖ್ಯೆಯವರು ಮಾತ್ರ ಪರಸ್ಪರ ನೇರವಾಗಿ ಮಾತಾಡಬಲ್ಲರು. ನಮ್ಮ ಕಚೇರಿಯಲ್ಲಿ ಲೆಕ್ಕಪತ್ರಕ್ಕೆ 10, ಸಿಬ್ಬಂದಿಗೆ 20, ಫೋನುಗಳಿಗೆ 30, ಕ್ಯಾಮೆರಾಗಳಿಗೆ 40, ಅತಿಥಿಗಳ ವೈಫೈಗೆ 50, ಸ್ವಿಚ್ಚುಗಳನ್ನು ದೂರದಿಂದ ನಿಭಾಯಿಸಲು 99. ಒಟ್ಟು ಆರು. ಇವಲ್ಲದೆ 1 ಮತ್ತು 1002ರಿಂದ 1005ರವರೆಗಿನ ಐದು ವಿಲ್ಯಾನ್‌ಗಳು ಹುಟ್ಟಿನಿಂದಲೇ ಸ್ವಿಚ್ಚಿನಲ್ಲಿರುತ್ತವೆ, ಅಳಿಸಲು ಬರುವುದಿಲ್ಲ. ಸ್ವಿಚ್ಚಿನಿಂದ ಸ್ವಿಚ್ಚಿಗೆ ಎಲ್ಲ ವಿಲ್ಯಾನ್‌ಗಳ ಸಂಚಾರವನ್ನೂ ಒಯ್ಯುವ ಕೊಂಡಿಗೆ ಟ್ರಂಕ್ ಎನ್ನುತ್ತಾರೆ.

ಇಲ್ಲಿ ಎರಡು ಬರಹಗಳನ್ನು ಬೇರೆ ಬೇರೆಯಾಗಿ ನೋಡಬೇಕು. “ಏಳನೇ ಪೋರ್ಟ್ 20ಕ್ಕೆ ಸೇರಿದೆ” ಎನ್ನುವುದು ಒಂದು. “20 ಎಂಬ ವಿಲ್ಯಾನ್ ಇದೆ, ಅದರ ಹೆಸರು ಇದು” ಎನ್ನುವುದು ಇನ್ನೊಂದು. ಮೊದಲನೆಯದು ಸ್ವಿಚ್ಚಿನ ಸಾಮಾನ್ಯ ಕಾನ್ಫಿಗರೇಷನ್ನಿನಲ್ಲಿ ಇರುತ್ತದೆ. ಎರಡನೆಯದು ಫ್ಲ್ಯಾಶ್ ಮೆಮೊರಿಯ `vlan.dat` ಎಂಬ ಬೇರೆಯೇ ಕಡತದಲ್ಲಿ ಇರುತ್ತದೆ. ನಮ್ಮ ಶನಿವಾರ ಕೆಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಹತ್ತು ಸ್ವಿಚ್ ಇರುವ ಕಡೆ ಒಂದು ಹೊಸ ವಿಲ್ಯಾನ್ ಬೇಕೆಂದರೆ ಹತ್ತರಲ್ಲೂ ಬರೆಯಬೇಕು. ಈ ಶ್ರಮ ತಪ್ಪಿಸಲು ಸಿಸ್ಕೊ ಮಾಡಿದ ಏರ್ಪಾಡೇ ವಿಟಿಪಿ. ಒಂದು ಸ್ವಿಚ್ಚನ್ನು ಸರ್ವರ್ ಎಂದು ಗುರುತಿಸಿ ಅಲ್ಲಿ ವಿಲ್ಯಾನ್ ಪಟ್ಟಿ ಬರೆದರೆ, ಟ್ರಂಕುಗಳ ಮೂಲಕ ಆ ಪಟ್ಟಿ ತಾನಾಗಿ ಉಳಿದವಕ್ಕೆ ಹರಿಯುತ್ತದೆ. ಪಡೆಯುವವರು ಕ್ಲೈಂಟ್‌ಗಳು. ಎಲ್ಲರೂ ಒಂದೇ ಮನೆಯವರು ಎಂದು ಗುರುತಿಸಿಕೊಳ್ಳಲು ಒಂದು ಡೊಮೈನ್ ಹೆಸರು ಇರುತ್ತದೆ.

ಎರಡು ಸ್ವಿಚ್ಚುಗಳ ಪಟ್ಟಿ ಬೇರೆ ಬೇರೆ ಇದ್ದಾಗ ಯಾವುದು ಇತ್ತೀಚಿನದು? ದಿನಾಂಕ ನೋಡಿ ತೀರ್ಮಾನಿಸೋಣ ಎಂದರೆ ಸ್ವಿಚ್ಚಿನ ಗಡಿಯಾರವನ್ನು ನಂಬುವಂತಿಲ್ಲ. ಈ ಕೆಟಲಿಸ್ಟ್‌ಗಳು ಎದ್ದಾಗ, ಯಾರೂ ಸಮಯ ಕೊಡದಿದ್ದರೆ, 1993ರ ಮಾರ್ಚ್ 1 ಎಂದುಕೊಂಡೇ ದಿನ ಎಣಿಸಲು ಶುರುಮಾಡುತ್ತವೆ. ಹಾಗಾಗಿ ವಿಟಿಪಿ ಗಡಿಯಾರದ ಬದಲು ಒಂದು ಎಣಿಕೆಯನ್ನು ಹಿಡಿಯಿತು. ಅದೇ ರಿವಿಜನ್ ನಂಬರ್, ಅಂದರೆ ತಿದ್ದುಪಡಿ ಸಂಖ್ಯೆ. ಸರ್ವರ್ ಮೋಡಿನಲ್ಲಿರುವ ಸ್ವಿಚ್ಚಿನ ಪಟ್ಟಿಯನ್ನು ಮುಟ್ಟಿದಾಗಲೆಲ್ಲ ಅದು ಒಂದು ಏರುತ್ತದೆ. ಸೇರಿಸಿದರೆ ಒಂದು, ಹೆಸರು ಬದಲಿಸಿದರೆ ಒಂದು, ಅಳಿಸಿದರೂ ಒಂದು. ಪಟ್ಟಿ ತಿದ್ದಿದ್ದರಿಂದ ಅದು ಇಳಿಯುವ ಮಾತಿಲ್ಲ.

ಪ್ರತಿ ಐದು ನಿಮಿಷಕ್ಕೊಮ್ಮೆ, ಮತ್ತು ಬದಲಾವಣೆ ಆದ ಕೂಡಲೇ, ಸ್ವಿಚ್ ತನ್ನ ಟ್ರಂಕುಗಳಲ್ಲೆಲ್ಲ ಒಂದು ಚಿಕ್ಕ ಸಾರಾಂಶ ಪ್ರಕಟಣೆ ಕಳಿಸುತ್ತದೆ: ನನ್ನ ಡೊಮೈನ್ ಇದು, ನನ್ನ ತಿದ್ದುಪಡಿ ಸಂಖ್ಯೆ ಇಷ್ಟು. ಕೇಳಿಸಿಕೊಂಡ ಸ್ವಿಚ್ ಮೊದಲು ಡೊಮೈನ್ ಹೆಸರು ನೋಡುತ್ತದೆ. ಬೇರೆಯಾದರೆ ಬಿಡುತ್ತದೆ. ಒಂದೇ ಆದರೆ ಸಂಖ್ಯೆ ಹೋಲಿಸುತ್ತದೆ. ತನ್ನದಕ್ಕಿಂತ ಹೆಚ್ಚಿದ್ದರೆ “ಪೂರ್ತಿ ಪಟ್ಟಿ ಕೊಡು” ಎಂದು ಕೇಳಿ ತರಿಸಿಕೊಂಡು, ತನ್ನ ಪಟ್ಟಿಯನ್ನು ಕೈಬಿಟ್ಟು ಅದನ್ನೇ ಬರೆದುಕೊಳ್ಳುತ್ತದೆ. ಎರಡನ್ನೂ ಕೂಡಿಸಿ ಒಂದು ಮಾಡುವ ಕ್ರಮ ಇಲ್ಲ. ಬಂದ ಪಟ್ಟಿಯಲ್ಲಿ ಇಲ್ಲದ್ದು ಇರಬಾರದ್ದು ಎಂದೇ ಅದರ ಲೆಕ್ಕ.

ಈಗ ನಮ್ಮ 2950ರ ಜಾತಕ ನೋಡೋಣ. ಅದು ಮೊದಲು ಇದೇ ಕಚೇರಿಯ ರ‍್ಯಾಕಿನಲ್ಲಿದ್ದ ಸ್ವಿಚ್. ತೆಗೆದಾಗ ಕಚೇರಿಯ ತಿದ್ದುಪಡಿ ಸಂಖ್ಯೆ 19. ಅಂದರೆ ಆ ದಿನ ಎಲ್ಲ ಸ್ವಿಚ್ಚುಗಳ ಬಳಿಯೂ ಇದ್ದದ್ದು ಒಂದೇ ಪಟ್ಟಿ, ಒಂದೇ ಸಂಖ್ಯೆ. ಆಮೇಲೆ ಕಚೇರಿಯಲ್ಲಿ ಐದು ಬದಲಾವಣೆ ಆಗಿ 24ಕ್ಕೆ ಬಂತು. ಮೇಲಿನ ಕೋಣೆಯಲ್ಲಿ ಹುಡುಗರು ಅಭ್ಯಾಸಕ್ಕೆ ಜಾಗ ಮಾಡಿಕೊಳ್ಳಲು ಮೊದಲು ಹಳೆಯ ಆರು ವಿಲ್ಯಾನ್‌ಗಳನ್ನು ಅಳಿಸಿದರು: 19 ಇದ್ದದ್ದು 25. ಆಮೇಲೆ ಪ್ರತಿ ಸಂಜೆ ಎರಡು ಮೂರು ವಿಲ್ಯಾನ್ ಮಾಡುವುದು, ಪಾಠ ಮುಗಿದ ಮೇಲೆ ಅಳಿಸುವುದು. ಎಲ್ಲ ಸೇರಿ ಹದಿನೆಂಟು ವಿಲ್ಯಾನ್ ಮಾಡಿದ್ದು, ಆ ಹದಿನೆಂಟನ್ನೂ ಅಳಿಸಿದ್ದು, ಒಟ್ಟು ಮೂವತ್ತಾರು. 61. ಕೊನೆಗೆ ಒಳಗೆ ಉಳಿದದ್ದು ಅಳಿಸಲಾಗದ ಐದು ವಿಲ್ಯಾನ್‌ಗಳು ಮಾತ್ರ. ಶಿಸ್ತಿನ ಹುಡುಗರು, ಕೆಲಸ ಮುಗಿದ ಮೇಲೆ ಹಲಗೆ ಒರೆಸಿಡುತ್ತಿದ್ದರು. ಆ ಶಿಸ್ತೇ ಸಂಖ್ಯೆಯನ್ನು ಏರಿಸಿತು.

ರೈಟ್ ಇರೇಸ್ ಅಳಿಸುವುದು ಸ್ಟಾರ್ಟಪ್ ಕಾನ್ಫಿಗರೇಷನ್ನನ್ನು. `vlan.dat` ಅದರ ಕೈಗೆ ಸಿಗುವುದಿಲ್ಲ. ಡೊಮೈನ್ ಹೆಸರು, ಸರ್ವರ್ ಮೋಡ್, 61 ಎಂಬ ಸಂಖ್ಯೆ, ಎಲ್ಲ ಆ ಕಡತದಲ್ಲಿ ಹಾಗೆಯೇ ಇದ್ದವು. ರೀಲೋಡ್ ಆದ ಸ್ವಿಚ್ ಹೊಸದರಂತೆಯೇ ಕಾನ್ಫಿಗರೇಷನ್ ಮಾಡೋಣವೇ ಎಂದು ಕೇಳುತ್ತದೆ; ನೋಡಿದವರಿಗೆ ಅದು ಹಾಲುಗಲ್ಲದ ಕೂಸು. ಇನ್ನೂ ಒಂದು ಸಂಗತಿ ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ನಾನು ಕೇಬಲ್ ಹಾಕಿದ ಪೋರ್ಟನ್ನು ನಾನು ಟ್ರಂಕ್ ಎಂದು ಬರೆದಿರಲಿಲ್ಲ. 2950ರ ಪೋರ್ಟುಗಳು ಮೂಲತಃ “ಟ್ರಂಕ್ ಮಾಡೋಣವೇ” ಎಂದು ತಾವಾಗಿ ಕೇಳುವ ಸ್ವಭಾವದವು. ಪಕ್ಕದ 2960ರ ಪೋರ್ಟುಗಳು ಕೇಳಿದರೆ ಒಪ್ಪಿಕೊಳ್ಳುವಂಥವು. ಕಾನ್ಫಿಗರೇಷನ್ ಅಳಿಸಿದ್ದರಿಂದ 2950 ತನ್ನ ಮೂಲ ಸ್ವಭಾವಕ್ಕೆ ಮರಳಿತ್ತು. ಈ ಮಾತುಕತೆಯಲ್ಲಿ ವಿಟಿಪಿ ಡೊಮೈನ್ ಹೆಸರನ್ನೂ ತಾಳೆ ನೋಡುತ್ತಾರೆ, ಬೇರೆ ಇದ್ದರೆ ಟ್ರಂಕ್ ಏಳುವುದಿಲ್ಲ. ಹೆಸರು ಒಂದೇ ಆದ್ದರಿಂದ ಆ ಬಾಗಿಲೂ ತೆರೆದುಕೊಂಡಿತು.

61 ಎಂದಿತು ಹೊಸಬ. ಮೂರನೇ ಮಹಡಿಯ 2960 ತನ್ನ 24 ನೋಡಿಕೊಂಡು ಪಟ್ಟಿ ತರಿಸಿಕೊಂಡಿತು, ತನ್ನ ಉಳಿದ ಟ್ರಂಕುಗಳಿಗೆ ಅದನ್ನೇ ಸಾರಿತು. ನೆಲಮಹಡಿಯ ಕೋರ್ ಸ್ವಿಚ್ ನಮ್ಮ ಸರ್ವರ್. ಅದು ತಡೆಯಬೇಕಿತ್ತು ಎಂದು ಮೊದಲ ಸಲ ಕೇಳಿದವರಿಗೆಲ್ಲ ಅನಿಸುತ್ತದೆ. ಆದರೆ ವಿಟಿಪಿಯ ಮೊದಲೆರಡು ಆವೃತ್ತಿಗಳಲ್ಲಿ ಸರ್ವರ್ ಎಂದರೆ ಬರೆಯಬಲ್ಲವನು ಎಂದಷ್ಟೇ ಅರ್ಥ, ಇತರರ ಮಾತನ್ನು ನಿರಾಕರಿಸಬಲ್ಲವನು ಎಂದಲ್ಲ. ಅದೂ 24ನ್ನು ಬಿಟ್ಟು 61ನ್ನು ಬರೆದುಕೊಂಡಿತು.

ಆ ದಿನದ ತೆರೆಯನ್ನು ಮತ್ತೆ ನೋಡಲು, ಆಮೇಲೊಮ್ಮೆ ಎಸ್‌ಪಿ ರಸ್ತೆಯಿಂದ ಹಳೆಯ ಸ್ವಿಚ್ಚುಗಳನ್ನು ತಂದು, ಸೋಮೇಶ್ವರ ದೇವಸ್ಥಾನದ ಹಿಂದಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಇದೇ ಸನ್ನಿವೇಶವನ್ನು ಕಟ್ಟಿದೆ. ಕ್ಲೈಂಟ್ ಸ್ವಿಚ್ಚಿಗೆ ಕನ್ಸೋಲ್ ಕೇಬಲ್ ಹಾಕಿ, 61ರ ಸ್ವಿಚ್ಚನ್ನು ಜೋಡಿಸಿದ ಮೇಲೆ `show vtp status` ಕೊಟ್ಟರೆ ಕಾಣುವ ಸಾಲುಗಳಲ್ಲಿ ಮುಖ್ಯವಾದವು ಇವು:

```
Configuration Revision          : 61
Number of existing VLANs        : 5
VTP Operating Mode              : Client
VTP Domain Name                 : OFFICE
Configuration last modified by 0.0.0.0 at 3-1-93 01:12:40
```

ಸಂಖ್ಯೆ ಒಮ್ಮೆಲೇ ನೆಗೆದಿದೆ, ವಿಲ್ಯಾನ್‌ಗಳು ಐದಕ್ಕೆ ಇಳಿದಿವೆ. ಕೊನೆಯ ಸಾಲು ಯಾರು, ಯಾವಾಗ ತಿದ್ದಿದರು ಎಂದು ಹೇಳುತ್ತದೆ. ನಮ್ಮ ಕೋರ್ ಸ್ವಿಚ್ಚಿಗೆ ಐಪಿ ವಿಳಾಸವೂ ಇತ್ತು, ಸರಿಯಾದ ಗಡಿಯಾರವೂ ಇತ್ತು. 0.0.0.0 ವಿಳಾಸ, 1993ರ ಮಾರ್ಚ್ 1 ಎಂಬ ದಿನಾಂಕ ಇದ್ದರೆ ಆ ತಿದ್ದುಪಡಿ ಹುಟ್ಟಿದ್ದು ವಿಳಾಸವೂ ಸಮಯವೂ ಇಲ್ಲದ, ಎಲ್ಲೋ ಒಂಟಿಯಾಗಿ ಕೂತಿದ್ದ ಸ್ವಿಚ್ಚಿನಲ್ಲಿ ಎಂದೇ ಅರ್ಥ.

ಇನ್ನು ಪೋರ್ಟುಗಳ ಕಡೆ. ಬಹಳ ಜನ, ವಿಲ್ಯಾನ್ 20 ಅಳಿದರೆ ಅದರ ಪೋರ್ಟುಗಳು ವಿಲ್ಯಾನ್ 1ಕ್ಕೆ ಬೀಳುತ್ತವೆ ಎಂದುಕೊಂಡಿರುತ್ತಾರೆ. ಬೀಳುವುದಿಲ್ಲ. ಪೋರ್ಟ್ ತಾನು 20ರದ್ದೇ ಎಂದು ಹೇಳಿಕೊಂಡು, ಆ 20 ಎಲ್ಲೂ ಇಲ್ಲದ್ದರಿಂದ ಸುಮ್ಮನಾಗುತ್ತದೆ. `show interfaces status` ಹೀಗೆ ತೋರಿಸುತ್ತದೆ:

```
Port      Name     Status       Vlan
Fa0/7              inactive     20
Fa0/8              inactive     20
```

`show vlan brief` ಕೊಟ್ಟರೆ ಈ ಪೋರ್ಟುಗಳು ಯಾವ ಸಾಲಿನಲ್ಲೂ ಇರುವುದಿಲ್ಲ. ಇಪ್ಪತ್ನಾಲ್ಕರಲ್ಲಿ ಇಪ್ಪತ್ತು ಪೋರ್ಟು ಪಟ್ಟಿಯಿಂದಲೇ ಮಾಯವಾಗಿದ್ದರೆ, ಕೇಬಲನ್ನೋ ಕಂಪ್ಯೂಟರನ್ನೋ ಶಂಕಿಸಿ ಸಮಯ ಕಳೆಯಬೇಕಾಗಿಲ್ಲ. ಕೋರ್ ಸ್ವಿಚ್ಚಿನಲ್ಲಿ ವಿಲ್ಯಾನ್ ವಿಲ್ಯಾನ್ ನಡುವೆ ದಾರಿ ತೋರಿಸುವ `interface Vlan20` ಮೊದಲಾದವೂ ತಮ್ಮ ವಿಲ್ಯಾನ್ ಇಲ್ಲದೆ ಬಿದ್ದುಹೋಗುತ್ತವೆ. ನಮ್ಮದು 99ರಲ್ಲಿ ನಿರ್ವಹಣೆ. ಅದೂ ಅಳಿದಿದ್ದರಿಂದ ಕೂತಲ್ಲಿಂದ ಯಾವ ಸ್ವಿಚ್ಚಿಗೂ ಲಾಗಿನ್ ಆಗಲು ಬರಲಿಲ್ಲ. ಲ್ಯಾಪ್‌ಟಾಪ್, ಕನ್ಸೋಲ್ ಕೇಬಲ್ ಹಿಡಿದು ನೆಲಮಹಡಿಯ ರ‍್ಯಾಕಿಗೆ ಇಳಿದೆ.

ರೀಬೂಟ್ ಮಾಡಿದರೆ ಹಳೆಯದು ಬರಬಹುದೇ? ಬರುವುದಿಲ್ಲ. ಹೊಸ ಪಟ್ಟಿ ಆಗಲೇ `vlan.dat`ಗೆ ಇಳಿದಿರುತ್ತದೆ. ಬ್ಯಾಕಪ್ ಇದೆಯಲ್ಲ ಎಂದು ನಾವು ಸಮಾಧಾನ ಪಟ್ಟುಕೊಂಡೆವು. ಪ್ರತಿ ರಾತ್ರಿ ಕೋರ್ ಸ್ವಿಚ್ಚಿನ ಕಾನ್ಫಿಗರೇಷನ್ ಒಂದು ಕಡೆ ನಕಲಾಗುತ್ತಿತ್ತು. ತೆರೆದು ನೋಡಿದರೆ ಅದರಲ್ಲಿ ವಿಲ್ಯಾನ್ ಪಟ್ಟಿಯೇ ಇಲ್ಲ. ಸರ್ವರ್ ಮೋಡಿನಲ್ಲಿರುವ ಸ್ವಿಚ್ ಮಾಮೂಲಿ ವಿಲ್ಯಾನ್‌ಗಳನ್ನು ರನ್ನಿಂಗ್ ಕಾನ್ಫಿಗರೇಷನ್ನಿನಲ್ಲಿ ಬರೆಯುವುದೇ ಇಲ್ಲ. ತಿಂಗಳುಗಟ್ಟಲೆ ನಕಲು ತೆಗೆಯುತ್ತಿದ್ದೆವು, ಬೇಕಾದ ಒಂದು ಹಾಳೆ ಮಾತ್ರ ಅದರಲ್ಲಿ ಸೇರಿರಲಿಲ್ಲ.

ಆದರೂ ಪಟ್ಟಿಯ ನೆರಳು ಉಳಿದಿತ್ತು. ಪೋರ್ಟುಗಳು ತಾವು ಯಾವ ವಿಲ್ಯಾನಿನವು ಎಂಬುದನ್ನು ಮರೆತಿರಲಿಲ್ಲವಲ್ಲ. ಕೋರ್ ಸ್ವಿಚ್ಚಿನಲ್ಲೂ ಮಹಡಿಗಳ ಸ್ವಿಚ್ಚುಗಳಲ್ಲೂ ಇದೊಂದು ಸಾಲು ಕೊಟ್ಟರೆ ಬೇಕಾದ ಸಂಖ್ಯೆಗಳೆಲ್ಲ ಕಣ್ಣಿಗೆ ಬೀಳುತ್ತವೆ:

```
show running-config | include [Vv]lan
```

`switchport access vlan 20`, `switchport voice vlan 30`, `interface Vlan99`. ಇವನ್ನು ಕಾಗದದ ಮೇಲೆ ಬರೆದುಕೊಂಡೆ, ಆರು ಸಂಖ್ಯೆ ಸಿಕ್ಕವು. ಕೋರ್ ಸ್ವಿಚ್ಚಿನಲ್ಲಿ ಆರನ್ನೂ ಮತ್ತೆ ಸೃಷ್ಟಿಸಿದೆ. ಅದು 61ರಿಂದ ಮುಂದಕ್ಕೆ ಎಣಿಸುತ್ತಾ ಹೋಯಿತು, ಎಲ್ಲ ಸ್ವಿಚ್ಚುಗಳೂ ದೊಡ್ಡ ಸಂಖ್ಯೆ ಕಂಡು ಹೊಸ ಪಟ್ಟಿ ಪಡೆದವು. 20 ಹುಟ್ಟುತ್ತಿದ್ದಂತೆ ಸುಮ್ಮನಾಗಿದ್ದ ಪೋರ್ಟುಗಳು ತಾವಾಗಿ ಎದ್ದವು, ಒಂದೊಂದನ್ನೂ ಮುಟ್ಟಬೇಕಾಗಲಿಲ್ಲ. ಕೆಡಿಸಿದ ಯಂತ್ರವೇ ರಿಪೇರಿಯನ್ನೂ ಅಷ್ಟೇ ವೇಗದಲ್ಲಿ ಹರಡಿತು.

ಈ ವಿನ್ಯಾಸದಲ್ಲಿ ನಿಜವಾಗಿ ತಪ್ಪಿದ್ದೇನು ಎಂಬುದು ನನ್ನನ್ನು ಇಂದಿಗೂ ಹಿಡಿದಿಡುವ ಪ್ರಶ್ನೆ. ಗಡಿಯಾರ ನಂಬದೆ ಎಣಿಕೆ ನಂಬುವುದು ತಪ್ಪಲ್ಲ. ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧ ಇದನ್ನೇ ವಿವರಿಸುತ್ತದೆ: ದೂರದೂರದ ಯಂತ್ರಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಗಂಟೆ ನಿಮಿಷ ಬೇಡ, ಏರುತ್ತಾ ಹೋಗುವ ಒಂದು ಎಣಿಕೆ ಸಾಕು. ಆದರೆ ಆ ಎಣಿಕೆಗೆ ಒಂದು ಮಿತಿ ಇದೆ, ಲ್ಯಾಂಪೋರ್ಟ್ ಅದನ್ನೂ ಬಲ್ಲರು. ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗಿದ್ದರೆ ಕಾರಣದ ಸಂಖ್ಯೆ ಖಂಡಿತ ಚಿಕ್ಕದಾಗಿರುತ್ತದೆ. ಅದನ್ನು ತಿರುಗಿಸಿ, ಸಂಖ್ಯೆ ಚಿಕ್ಕದಾದ ಮಾತ್ರಕ್ಕೆ ಅದು ಇನ್ನೊಂದರ ಹಿಂದಿನ ರೂಪ ಎನ್ನಲು ಬರುವುದಿಲ್ಲ.

ನಮ್ಮ ಎರಡು ಸ್ವಿಚ್ಚುಗಳನ್ನೇ ನೋಡಿ. 19ರವರೆಗೆ ಇಬ್ಬರದೂ ಒಂದೇ ಚರಿತ್ರೆ. ಆಮೇಲೆ ದಾರಿ ಕವಲಾಯಿತು. ಕಚೇರಿಯ 24 ಎಂದರೆ ಹತ್ತೊಂಬತ್ತರ ಮೇಲೆ ಕಚೇರಿ ಮಾಡಿದ ಐದು ಬದಲಾವಣೆ. ಅಭ್ಯಾಸದ ಕೋಣೆಯ 61 ಎಂದರೆ ಅದೇ ಹತ್ತೊಂಬತ್ತರ ಮೇಲೆ ಹುಡುಗರು ಮಾಡಿದ ನಲವತ್ತೆರಡು. 61ರ ಪಟ್ಟಿ 24ರ ಪಟ್ಟಿಯನ್ನು ತಿದ್ದಿ ಬಂದದ್ದಲ್ಲ. ಅದು 24ನ್ನು ಕಂಡೇ ಇರಲಿಲ್ಲ. ಒಂದೇ ಮನೆಯ ಲೆಕ್ಕದ ಪುಸ್ತಕವನ್ನು ಅಣ್ಣ ತಮ್ಮ ಇಬ್ಬರೂ ನಕಲು ಮಾಡಿಕೊಂಡು ಬೇರೆ ಬೇರೆ ಊರಿಗೆ ಹೋಗಿ ಬರೆಯುತ್ತಾ ಕೂತರೆ, ಹೆಚ್ಚು ಪುಟ ತುಂಬಿಸಿದವನದೇ ಸರಿ ಎಂದು ಇನ್ನೊಬ್ಬನದನ್ನು ಸುಡುವುದು ಹೇಗೋ ಹಾಗೆ. ಸಂಖ್ಯೆ ಎಷ್ಟು ಸಲ ಬರೆಯಲಾಯಿತು ಎಂದು ಹೇಳುತ್ತದೆ. ಯಾರು ಬರೆದರು ಎಂಬುದನ್ನು ವಿಟಿಪಿ ಹೋಲಿಕೆಗೆ ತೆಗೆದುಕೊಳ್ಳಲೇ ಇಲ್ಲ.

ಇದನ್ನು ಹಿಡಿದುಕೊಂಡರೆ ಯಾವ ರಕ್ಷಣೆ ಎಷ್ಟು ಗಟ್ಟಿ ಎಂದು ತಾನಾಗಿ ತಿಳಿಯುತ್ತದೆ. ಡಬ್ಬಿಯಿಂದ ತೆಗೆದ ಹೊಸ ಸ್ವಿಚ್ಚಿಗೆ ಡೊಮೈನ್ ಹೆಸರೂ ಇಲ್ಲ, ಸಂಖ್ಯೆ 0. ಅದು ಕೇಳಿಸಿಕೊಂಡ ಮೊದಲ ಹೆಸರನ್ನು ತನ್ನದಾಗಿಸಿಕೊಂಡು ಪಟ್ಟಿ ಪಡೆಯುತ್ತದೆ, ಕೊಡುವುದಿಲ್ಲ. ಅಪಾಯ ಇರುವುದು ಬಳಸಿದ ಸ್ವಿಚ್ಚಿನಲ್ಲಿ, ಅದರಲ್ಲೂ ನಮ್ಮದೇ ಮನೆಯಿಂದ ಹೊರಗೆ ಹೋಗಿ ಮರಳಿದ್ದರಲ್ಲಿ. ಪಾಸ್‌ವರ್ಡ್ ಹಾಕಿದ್ದರೆ? ಅದು ಅಪರಿಚಿತ ಸ್ವಿಚ್ಚನ್ನು ತಡೆಯುತ್ತದೆ, ಹಾಕಿಡುವುದು ಒಳ್ಳೆಯದೇ. ಆದರೆ ಮರಳಿ ಬಂದ ಹಳೆಯ ಸ್ವಿಚ್ ಡೊಮೈನ್ ಹೆಸರಿನ ಜೊತೆ ಪಾಸ್‌ವರ್ಡನ್ನೂ `vlan.dat`ನಲ್ಲಿ ಹೊತ್ತು ತರುತ್ತದೆ. ಹೊಸದಾಗಿ ಸೇರಿಸುವುದನ್ನು ಕ್ಲೈಂಟ್ ಮಾಡಿದರೆ ಸಾಕು ಎಂಬ ಮಾತು ಇನ್ನೂ ಹೆಚ್ಚು ಚಾಲ್ತಿಯಲ್ಲಿದೆ, ಮತ್ತು ಅದು ತಪ್ಪು. ಕ್ಲೈಂಟಿನಲ್ಲಿ ಕೂತು ವಿಲ್ಯಾನ್ ಬರೆಯಲು ಬರುವುದಿಲ್ಲ, ನಿಜ. ತನ್ನಲ್ಲಿರುವ ಪಟ್ಟಿಯನ್ನು, ಸಂಖ್ಯೆಯನ್ನು ಅದು ಸಾರಿಯೇ ಸಾರುತ್ತದೆ. 61 ಹೊತ್ತ ಕ್ಲೈಂಟ್ 24ರ ಸರ್ವರನ್ನು ಅಷ್ಟೇ ಸಲೀಸಾಗಿ ಅಳಿಸುತ್ತದೆ. ಊಟದ ಮೇಜಿನ ಮೇಲೆ ಇದನ್ನೂ ಮಾಡಿ ನೋಡಿದೆ.

ಕೇಬಲ್ ಹಾಕುವ ಮೊದಲು ಸಂಖ್ಯೆಯನ್ನು ಸೊನ್ನೆಗೆ ತರುವುದು ಒಂದು ನಿಮಿಷದ ಕೆಲಸ. ಟ್ರಾನ್ಸ್‌ಪರೆಂಟ್ ಮೋಡಿಗೆ ಹೋಗಿ ಮರಳಿದರೆ ಸಾಕು:

```
vtp mode transparent
vtp mode client
```

ಡೊಮೈನ್ ಹೆಸರನ್ನು ಬೇರೇನಾದರೂ ಮಾಡಿ ಮತ್ತೆ ಹಿಂದಿನದಕ್ಕೆ ತಂದರೂ ಸಂಖ್ಯೆ ಸೊನ್ನೆಯಾಗುತ್ತದೆ. ನನಗೆ ಇನ್ನೂ ಇಷ್ಟವಾದದ್ದು `delete flash:vlan.dat` ಕೊಟ್ಟು ರೀಲೋಡ್ ಮಾಡುವುದು, ಏಕೆಂದರೆ ಆಗ ಹೆಸರು, ಪಾಸ್‌ವರ್ಡ್, ಪಟ್ಟಿ ಏನೂ ಉಳಿಯುವುದಿಲ್ಲ. ಯಾವುದನ್ನು ಮಾಡಿದರೂ `show vtp status`ನಲ್ಲಿ ಸೊನ್ನೆಯನ್ನು ಕಣ್ಣಾರೆ ನೋಡಬೇಕು.

ಮನುಷ್ಯ ಮರೆಯುತ್ತಾನೆ, ಅವಸರದ ಶನಿವಾರಗಳು ಮತ್ತೆ ಬರುತ್ತವೆ. ಆದ್ದರಿಂದ ನಾವು ಕಚೇರಿಯ ಎಲ್ಲ ಸ್ವಿಚ್ಚುಗಳನ್ನೂ ಟ್ರಾನ್ಸ್‌ಪರೆಂಟ್ ಮೋಡಿಗೆ ಹಾಕಿದೆವು. ಈ ಮೋಡಿನಲ್ಲಿ ಸ್ವಿಚ್ ಯಾರ ಪಟ್ಟಿಯನ್ನೂ ಸ್ವೀಕರಿಸುವುದಿಲ್ಲ, ತನ್ನ ಪಟ್ಟಿಯನ್ನು ಯಾರಿಗೂ ಹೇಳುವುದಿಲ್ಲ, ಸಂಖ್ಯೆ ಯಾವಾಗಲೂ 0. ನಡೆಯುತ್ತಿರುವ ಸ್ವಿಚ್ಚಿಗೆ ಈ ಕಮ್ಯಾಂಡ್ ಕೊಟ್ಟರೆ ಇದ್ದ ವಿಲ್ಯಾನ್‌ಗಳು ಹಾಗೆಯೇ ಉಳಿಯುತ್ತವೆ, ಕೆಲಸ ನಿಲ್ಲುವುದಿಲ್ಲ. ಜೊತೆಗೆ ವಿಲ್ಯಾನ್ ಪಟ್ಟಿ ರನ್ನಿಂಗ್ ಕಾನ್ಫಿಗರೇಷನ್ನಿಗೂ ಬಂದು ಕೂರುತ್ತದೆ, ಅಂದರೆ ರಾತ್ರಿಯ ಬ್ಯಾಕಪ್ಪಿಗೆ ಕಾಣೆಯಾಗಿದ್ದ ಹಾಳೆ ಸಿಗುತ್ತದೆ. ನನ್ನ ಮಟ್ಟಿಗೆ ಈ ಒಂದು ಲಾಭವೇ ಸಾಕಾಗಿತ್ತು.

ಇದಕ್ಕೆ ತೆರುವ ಬೆಲೆಯೂ ಇದೆ. ಹೊಸ ವಿಲ್ಯಾನನ್ನು ಪ್ರತಿ ಸ್ವಿಚ್ಚಿನಲ್ಲೂ ಬರೆಯಬೇಕು. ಮಧ್ಯದ ಒಂದು ಸ್ವಿಚ್ಚಿನಲ್ಲಿ ಬರೆಯಲು ಮರೆತರೆ ಆ ವಿಲ್ಯಾನಿನ ಸಂಚಾರ ಅಲ್ಲಿಗೆ ಬಂದು ಬಿದ್ದುಹೋಗುತ್ತದೆ, ಎರಡೂ ತುದಿ ಸರಿಯಾಗಿದ್ದರೂ ಮಾತು ಆಚೆ ದಾಟುವುದಿಲ್ಲ. ಇಂಥದ್ದನ್ನು ಹುಡುಕುವುದು ಬೇಸರದ ಕೆಲಸ, ಆದರೆ ಕೆಡುವುದು ಒಂದು ವಿಲ್ಯಾನ್ ಮಾತ್ರ, ಇಡೀ ಕಟ್ಟಡವಲ್ಲ. ಇನ್ನೊಂದು ಎಚ್ಚರ: ಟ್ರಾನ್ಸ್‌ಪರೆಂಟ್ ಸ್ವಿಚ್ ತಾನು ಕೇಳದಿದ್ದರೂ ಇತರರ ಪ್ರಕಟಣೆಯನ್ನು ಮುಂದಕ್ಕೆ ದಾಟಿಸುತ್ತದೆ. ಅದರ ಆಚೆ ಒಂದು ಸರ್ವರೋ ಕ್ಲೈಂಟೋ ಉಳಿದಿದ್ದರೆ ಅದಕ್ಕೆ ಅಪಾಯ ತಪ್ಪಿದ್ದಲ್ಲ. ಹೊಸ ಐಒಎಸ್‌ಗಳಲ್ಲಿ ದಾಟಿಸುವುದನ್ನೂ ನಿಲ್ಲಿಸುವ `vtp mode off` ಇದೆ. ಜೊತೆಗೆ ಮೇಜುಗಳಿಗೆ ಹೋಗುವ ಪೋರ್ಟುಗಳನ್ನೆಲ್ಲ `switchport mode access` ಎಂದು ಕಟ್ಟಿಹಾಕಿದೆವು. ಅಂದು ನಾನು ಕೇಬಲ್ ಹಾಕಿದ ಪೋರ್ಟಿಗೆ ಈ ಒಂದು ಸಾಲು ಇದ್ದಿದ್ದರೆ ಟ್ರಂಕ್ ಏಳುತ್ತಿರಲಿಲ್ಲ, ಟ್ರಂಕ್ ಇಲ್ಲದೆ ವಿಟಿಪಿ ದಾಟುತ್ತಿರಲಿಲ್ಲ.

ನೂರಾರು ಸ್ವಿಚ್ ಇರುವ ದೊಡ್ಡ ಆವರಣಗಳಲ್ಲಿ ಕೈಯಿಂದ ಬರೆಯುವುದು ಕಷ್ಟ. ಅಂಥವರಿಗೆ ವಿಟಿಪಿಯ ಮೂರನೇ ಆವೃತ್ತಿ ಇದೆ. ಅದು ಬಿಟ್ಟುಹೋಗಿದ್ದ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು: ಯಾರು ಬರೆದರು? ಇಲ್ಲಿ ಡೊಮೈನಿಗೆ ಒಬ್ಬನೇ ಪ್ರೈಮರಿ ಸರ್ವರ್. ಉಳಿದ ಸರ್ವರ್‌ಗಳೆಲ್ಲ ಸೆಕೆಂಡರಿ. ಪಟ್ಟಿ ಇಟ್ಟುಕೊಳ್ಳಬಹುದು, ತಿದ್ದುವಂತಿಲ್ಲ. ಪ್ರೈಮರಿಯ ಗುರುತು ಪ್ರಕಟಣೆಯ ಜೊತೆಗೇ ಬರುತ್ತದೆ, ತಾವು ಒಪ್ಪಿಕೊಂಡ ಪ್ರೈಮರಿಯದಲ್ಲದ ಪಟ್ಟಿಯನ್ನು, ಸಂಖ್ಯೆ ಎಷ್ಟೇ ದೊಡ್ಡದಿರಲಿ, ಉಳಿದವು ತೆಗೆದುಕೊಳ್ಳುವುದಿಲ್ಲ. ಹಳೆಯ ಆವೃತ್ತಿಯ ಸ್ವಿಚ್ ಹೇಳಿದ ಪಟ್ಟಿಯನ್ನೂ ಒಪ್ಪುವುದಿಲ್ಲ. ಡೊಮೈನ್ ಹೆಸರನ್ನು ಕೇಳಿ ಕಲಿಯುವ ಅಭ್ಯಾಸವೂ ಇಲ್ಲ, ಕೈಯಿಂದ ಕೊಡಲೇಬೇಕು. ಪ್ರೈಮರಿ ಆಗಬೇಕೆಂದರೆ ಒಬ್ಬ ಮನುಷ್ಯ ಸ್ವಿಚ್ಚಿನ ಮುಂದೆ ಕೂತು `vtp primary` ಎಂದು ಕೊಟ್ಟು, ಮುಂದುವರಿಯಲೇ ಎಂಬ ಪ್ರಶ್ನೆಗೆ ಒಪ್ಪಬೇಕು. ರೀಲೋಡ್ ಆದರೆ ಆ ಪದವಿ ಹೋಗುತ್ತದೆ, ಮತ್ತೆ ಕೇಳಿ ಪಡೆಯಬೇಕು. ಹಾಗೆಂದು ಪ್ರೈಮರಿಯಲ್ಲೇ ಕೂತು ತಪ್ಪು ವಿಲ್ಯಾನನ್ನು ಅಳಿಸಿದರೆ ಮೂರನೇ ಆವೃತ್ತಿಯೂ ಉಳಿಸಲಾರದು. ಅದು ಎಲ್ಲ ಕಡೆಯೂ ಅಳಿಯುತ್ತದೆ.

ನಮ್ಮ ಕಚೇರಿಯಲ್ಲಿದ್ದದ್ದು ಬೆರಳೆಣಿಕೆಯ ಸ್ವಿಚ್ಚುಗಳು, ಆರು ವಿಲ್ಯಾನ್. ವರ್ಷಕ್ಕೆ ಒಂದೋ ಎರಡೋ ಬದಲಾವಣೆ. ಅಷ್ಟಕ್ಕೆ ಟ್ರಾನ್ಸ್‌ಪರೆಂಟ್ ಸಾಕು ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಮಾರನೆಯ ಸೋಮವಾರ ಆ 2950ನ್ನು ಮತ್ತೆ ಕೆಳಗೆ ತಂದೆವು, ಮೂರನೇ ಮಹಡಿಯ ಹೊಸ ಮೇಜುಗಳಿಗೆ ಅದು ಬೇಕೇ ಬೇಕಿತ್ತು. ಹುಡುಗ ಕನ್ಸೋಲ್ ಕೇಬಲ್ ಸಿಕ್ಕಿಸಿ `vlan.dat` ಅಳಿಸಿದ, ರೀಲೋಡ್ ಕೊಟ್ಟ, ಅದು ಏಳುವವರೆಗೆ ಇಬ್ಬರೂ ಕಾದೆವು. ಟ್ರಾನ್ಸ್‌ಪರೆಂಟ್ ಎಂದು ಬರೆದು ಸೇವ್ ಮಾಡಿ, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

“ಸೊನ್ನೆ ಇದೆ ಸರ್. ನೀವೇ ನೋಡಿ.”

ನೋಡಿದೆ. ಆಮೇಲೆ ಕೇಬಲ್ ಅವನ ಕೈಗೆ ಕೊಟ್ಟೆ.